ಏರಿನಲ್ಲಿ ಪೆಟ್ರೋಲ್ ಸಿಗದ ಎಂಜಿನ್

ಸೋಮೇಶ್ವರದಿಂದ ಆಗುಂಬೆಗೆ 14 ತಿರುವುಗಳ ಏರು. ಕಾರ್ಬೊರೇಟರ್ ಇರುವ ಹಳೆಯ ಸ್ಕೂಟರಿನಲ್ಲಿ ಇಬ್ಬರು ಹೊರಟಿದ್ದಾರೆಂದುಕೊಳ್ಳಿ. ಕೆಳಗಿನ ಸಪಾಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತ್ತು. ಮೂರು ನಾಲ್ಕು ತಿರುವು ದಾಟುವಷ್ಟರಲ್ಲಿ ಎಳೆತ ಕುಗ್ಗುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ, ಹಿಂದೆ ಬಸ್ಸು ಬರುತ್ತಿರುವಾಗಲೇ ಎಂಜಿನ್ ಆಫ್ ಆಗುತ್ತದೆ. ನಾಲ್ಕಾರು ಸಲ ಸೆಲ್ಫ್ ಒತ್ತಿದರೆ ಮತ್ತೆ ಸ್ಟಾರ್ಟ್. ತುಸು ದೂರ ಹೋದರೆ ಮತ್ತೆ ಅದೇ ಪಾಡು.

ಗ್ಯಾರೇಜಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ಐಡಲಿಂಗ್‌ಗೆ ಬಿಟ್ಟರೆ ಯಾವ ತೊಂದರೆಯೂ ಕಾಣದು. ಪ್ಲಗ್ ಬದಲಾಗುತ್ತದೆ, ಕಾರ್ಬೊರೇಟರ್ ಕ್ಲೀನ್ ಆಗುತ್ತದೆ, ಮುಂದಿನ ಘಾಟಿಯಲ್ಲಿ ಗಾಡಿ ಮತ್ತೆ ನಿಲ್ಲುತ್ತದೆ. ಇಂಥ ಲಕ್ಷಣ ಕಂಡಾಗ ಮೊದಲು ನೋಡಬೇಕಾದದ್ದು ವ್ಯಾಕ್ಯೂಮ್ ಪೆಟ್ರೋಲ್ ಟ್ಯಾಪ್. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಆಟೋ ಕಾಕ್.

ಕೈಯಿಂದ ತಿರುಗಿಸುವ ಸಾದಾ ಟ್ಯಾಪಿಗೂ ಇದಕ್ಕೂ ವ್ಯತ್ಯಾಸವಿದೆ. ಇದರೊಳಗೆ ನಾಣ್ಯದಗಲದ ತೆಳು ರಬ್ಬರ್ ಹಾಳೆಯಿದೆ, ಅದೇ ಡಯಾಫ್ರಮ್. ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುವವರೆಗೆ ಟ್ಯಾಪ್ ಮುಚ್ಚಿರುತ್ತದೆ. ಎಂಜಿನ್ ಓಡುವಾಗ ಅದು ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಹುಟ್ಟುವ ಸೆಳೆತ, ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ, ಸಣ್ಣ ಪೈಪಿನ ಮೂಲಕ ಡಯಾಫ್ರಮನ್ನು ಎಳೆದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಎಂಜಿನ್ ನಿಂತರೆ ಪೆಟ್ರೋಲೂ ನಿಲ್ಲುತ್ತದೆ.

ತೊಡಕಿರುವುದು ಈ ಸೆಳೆತದ ಸ್ವಭಾವದಲ್ಲಿ. ಐಡಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಸೆಳೆತ ಅತಿ ಜೋರು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಗಾಳಿಯ ದಾರಿ ತೆರೆದುಕೊಂಡು ಸೆಳೆತ ತೀರಾ ಕುಗ್ಗುತ್ತದೆ. ಅಂದರೆ ಪೆಟ್ರೋಲು ಹೆಚ್ಚು ಬೇಕಾದ ಹೊತ್ತಿಗೇ ಟ್ಯಾಪನ್ನು ತೆರೆದಿಡುವ ಬಲ ಕಡಿಮೆ. ಆರೋಗ್ಯವಾಗಿರುವ ಡಯಾಫ್ರಮ್ ಅಷ್ಟರಲ್ಲೇ ನಿಭಾಯಿಸುತ್ತದೆ. ರಬ್ಬರ್ ಗಡುಸಾಗಿದ್ದರೆ, ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ, ಅಥವಾ ಸೆಳೆತದ ಪೈಪು ತುದಿಯಲ್ಲಿ ಸೀಳಿದ್ದರೆ ಟ್ಯಾಪ್ ಅರ್ಧ ಮುಚ್ಚಿಕೊಳ್ಳುತ್ತದೆ. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಸ್ವಲ್ಪ ಪೆಟ್ರೋಲು ತೀರುವವರೆಗೆ ಎಂಜಿನ್ ಎಳೆಯುತ್ತದೆ, ಆಮೇಲೆ ಸೊರಗಿ ನಿಲ್ಲುತ್ತದೆ. ಥ್ರಾಟಲ್ ಮುಚ್ಚಿ ಸೆಲ್ಫ್ ಒತ್ತಿದಾಗ ಸೆಳೆತ ಮರಳಿ, ಬಟ್ಟಲು ತುಂಬಿ, ಗಾಡಿ ಸ್ಟಾರ್ಟ್ ಆಗುವುದೂ ಇದರಿಂದಲೇ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರಬೇಕು, ಬಯಲಲ್ಲಿ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ಎಂಜಿನ್ ಕಡೆಯಿಂದ ಸೆಳೆತದ ಪೈಪು ಬಿಚ್ಚಿ ನೋಡಿ. ಒಳಗೆ ಪೆಟ್ರೋಲಿನ ಪಸೆ ಇದ್ದರೆ ಡಯಾಫ್ರಮ್ ತೂತಾಗಿದೆ, ಬೇರೆ ಸಾಕ್ಷಿ ಬೇಡ. ಒಣಗಿದ್ದರೆ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಇಳಿಬಿಟ್ಟು, ಸೆಳೆತದ ಪೈಪಿಗೆ ದೊಡ್ಡ ಸಿರಿಂಜ್ ಸಿಕ್ಕಿಸಿ ಎಳೆಯಬೇಕು. ಪೆಟ್ರೋಲು ಧಾರೆಯಾಗಿ ಬರಬೇಕು, ಸಿರಿಂಜ್ ಬಿಚ್ಚಿದೊಡನೆ ನಿಲ್ಲಬೇಕು. ಬಾಯಿಂದ ಎಳೆಯುವ ಅಭ್ಯಾಸ ಅನೇಕರಿಗಿದೆ. ಡಯಾಫ್ರಮ್ ತೂತಾಗಿದ್ದರೆ ಪೆಟ್ರೋಲು ನೇರ ಬಾಯಿಗೇ ಬರುತ್ತದೆ, ಖಂಡಿತ ಬೇಡ.

ಟ್ಯಾಪ್ ಸರಿಯಿದ್ದೂ ಗಾಡಿ ನಿಂತರೆ ಟ್ಯಾಂಕ್ ಮುಚ್ಚಳದ ಗಾಳಿರಂಧ್ರದ ಮೇಲೆ ಅನುಮಾನ ಪಡಬೇಕು. ಅದು ಕಟ್ಟಿದ್ದರೆ, ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆದಾಗ ಗಾಳಿ 'ಸುಯ್' ಎಂದು ಒಳಗೆ ನುಗ್ಗುತ್ತದೆ.

1980–90ರ ದಶಕದ ಅನೇಕ ಜಪಾನೀ ಬೈಕುಗಳಲ್ಲಿ ಈ ಟ್ಯಾಪಿಗೆ ಆನ್, ರಿಸರ್ವ್, ಪ್ರೈಮ್ ಎಂಬ ಮೂರು ಸ್ಥಾನಗಳಿವೆ. ಪ್ರೈಮ್‌ನಲ್ಲಿ ಪೆಟ್ರೋಲು ಸೆಳೆತವಿಲ್ಲದೆಯೇ ಹರಿಯುತ್ತದೆ. ಏರಿನಲ್ಲಿ ನಿಲ್ಲುವ ಬೈಕು ಪ್ರೈಮ್‌ಗಿಟ್ಟಾಗ ಸರಾಗ ಹತ್ತಿದರೆ ತಪ್ಪು ಡಯಾಫ್ರಮಿನದೋ ಅದರ ಪೈಪಿನದೋ ಎಂದು ತಿಳಿಯುತ್ತದೆ. ಆದರೆ ಬೈಕು ನಿಲ್ಲಿಸಿದ ಮೇಲೆ ಹಾಗೇ ಬಿಡಬಾರದು. ಕಾರ್ಬೊರೇಟರಿನ ಫ್ಲೋಟ್ ವಾಲ್ವ್ ಸೋರಿದರೆ ಪೆಟ್ರೋಲು ಸಿಲಿಂಡರಿಗೂ ಎಂಜಿನ್ ಆಯಿಲ್‌ಗೂ ಇಳಿಯುತ್ತದೆ.

ರಿಸರ್ವಿನದು ಇನ್ನೊಂದು ಕಥೆ. ರಿಸರ್ವಿಗೆಂದು ಬೇರೆ ಟ್ಯಾಂಕಿಲ್ಲ. ಆನ್‌ನಲ್ಲಿ ಪೆಟ್ರೋಲು ಒಳಹೋಗುವುದು ಟ್ಯಾಂಕಿನೊಳಗೆ ಎದ್ದು ನಿಂತ ಕೊಳವೆಯ ಬಾಯಿಂದ, ರಿಸರ್ವ್‌ನಲ್ಲಿ ತಳದ ತೂತಿನಿಂದ. ಇಳಿಜಾರಿನಲ್ಲಿ ಪೆಟ್ರೋಲು ಮುಂದಕ್ಕೆ ಸರಿಯುತ್ತದೆ. ಟ್ಯಾಪ್ ಹಿಂಭಾಗದಲ್ಲಿದ್ದರೆ ಟ್ಯಾಂಕಿನಲ್ಲಿ ಸಾಕಷ್ಟು ಇದ್ದರೂ ಕೊಳವೆಯ ಬಾಯಿ ಬರಿದಾಗಿ ಎಂಜಿನ್ ನಿಲ್ಲಬಹುದು. ಆಗ ರಿಸರ್ವ್‌ಗೆ ತಿರುಗಿಸಿದರೆ ಕೆಲಸವಾಗುತ್ತದೆ. ನಡುವೆ ಫ್ರೇಮಿನ ಕಂಬಿ ಹಾಯ್ದ ಟ್ಯಾಂಕಿನಲ್ಲಿ ಕೊನೆಯ ಪೆಟ್ರೋಲು ಎರಡು ಮಗ್ಗುಲಿಗೆ ಹಂಚಿಹೋಗಿರುತ್ತದೆ, ಬೈಕನ್ನು ಟ್ಯಾಪಿನ ಕಡೆಗೆ ವಾಲಿಸಿದರೆ ಆಚೆಯದು ಈಚೆಗೆ ಬರುತ್ತದೆ. ಸದಾ ರಿಸರ್ವ್‌ನಲ್ಲೇ ಓಡಿಸುವವರಿಗೆ ಮಾತ್ರ ಈ ಮುನ್ಸೂಚನೆ ಸಿಗದು, ನಿಂತಾಗ ಟ್ಯಾಂಕು ಖಾಲಿಯೇ.

ರಿಪೇರಿಯಲ್ಲಿ ಡಯಾಫ್ರಮ್ ಜೊತೆಗೆ ಸೆಳೆತದ ಪೈಪು, ಕ್ಲಿಪ್ಪುಗಳನ್ನೂ ಬದಲಿಸುವುದು ಲೇಸು. ಕೆಲಸ ಮುಗಿದ ಮೇಲೆ ಐಡಲಿಂಗ್ ನೋಡಿ ಗಾಡಿ ಒಯ್ಯಬಾರದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಉದ್ದದ ಏರೊಂದನ್ನು ಪೂರ್ತಿ ಥ್ರಾಟಲ್‌ನಲ್ಲಿ ಹತ್ತಿಸಿ ನೋಡಬೇಕು.