ಒಂದೇ ಗಂಟಲಿನ ಗುಂಪುಗಾನ

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ 10ಸಿಸಿ ತಂಡದ ಮೂವರು ಮೈಕಿನ ಸುತ್ತ ನಿಂತು ‘ಆ’ ಎಂದು ಒಂದೇ ಸ್ವರ ಹಿಡಿದರು. ಮತ್ತೆ ಹಿಡಿದರು. ಹೀಗೆ ಹದಿನಾರು ಬಾರಿ. ಒಂದು ಸ್ವರಕ್ಕೆ 48 ದನಿ ಸೇರಿದ ಮೇಲೆ ಮುಂದಿನ ಸ್ವರಕ್ಕೆ ಹೋದರು. ಕೊನೆಗೆ ಆ ಟೇಪುಗಳನ್ನೆಲ್ಲ ಸುತ್ತು ಹಾಕಿ ಓಡಲು ಬಿಟ್ಟು, ಮಿಕ್ಸರಿನ ಫೇಡರುಗಳನ್ನೇ ಹಾರ್ಮೋನಿಯಂ ಮನೆಗಳಂತೆ ಏರಿಸಿ ಇಳಿಸಿ ‘ಐಯಾಮ್ ನಾಟ್ ಇನ್ ಲವ್’ ಹಾಡಿನ ಹಿಂದೆ ತೇಲುವ ದನಿಯ ಮೋಡ ಕಟ್ಟಿದರು. ಆರುನೂರಕ್ಕೂ ಹೆಚ್ಚು ದನಿಗಳಿದ್ದರೂ ಎಲ್ಲೂ ಗಜಿಬಿಜಿಯಿಲ್ಲ.

ಗಜಿಬಿಜಿಯಾಗದಿರಲು ಒಂದು ಸರಳ ಕಾರಣವಿದೆ: ಅಲ್ಲಿ ವ್ಯಂಜನವೇ ಇರಲಿಲ್ಲ. ಬರೀ ‘ಆ’ಕಾರ ಹತ್ತು ಮಿಲಿಸೆಕೆಂಡು ಹಿಂದೆ ಮುಂದೆ ಆದರೂ ಕಿವಿಗೆ ತಿಳಿಯುವುದಿಲ್ಲ. ಅದೇ ದನಿಗಳ ಬಾಯಿಗೆ ಮಾತು ಕೊಟ್ಟರೆ ಕಥೆಯೇ ಬೇರೆ. ಹಾಡಿನ ಪಲ್ಲವಿ ಬಂದಾಗ ಒಬ್ಬ ಗಾಯಕಿಯ ದನಿ ನಾಲ್ಕು ಪಟ್ಟು ಹಿಗ್ಗಿದಂತೆ ಕೇಳಿಸಬೇಕು, ಆದರೆ ಸಾಹಿತ್ಯ ಒಬ್ಬಳೇ ಹೇಳಿದಷ್ಟು ಸ್ಪಷ್ಟವಾಗಿರಬೇಕು. ಸ್ಟುಡಿಯೋದವರ ನಿಜವಾದ ಕೆಲಸ ಇರುವುದು ಇಲ್ಲಿ.

ಮೊದಲಿಗೆ, ದನಿಯನ್ನು ಇಮ್ಮಡಿಸುವುದು ಎಂದರೆ ನಕಲು ಮಾಡುವುದಲ್ಲ. ಕಂಪ್ಯೂಟರಿನಲ್ಲಿ ಅದೇ ಟೇಕನ್ನು ಕಾಪಿ ಮಾಡಿ ಪಕ್ಕದ ಟ್ರ್ಯಾಕಿಗೆ ಹಾಕಿದರೆ ದನಿ 6 ಡೆಸಿಬೆಲ್ ಜೋರಾಗುತ್ತದೆ, ಅಷ್ಟೆ. ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಳ್ಳಿದರೂ ಅದು ನಡುವಿನಿಂದಲೇ ಕೇಳಿಸುತ್ತದೆ. ನಕಲನ್ನು ಹತ್ತು ಮಿಲಿಸೆಕೆಂಡು ಹಿಂದಕ್ಕೆ ಜರುಗಿಸಿ ಎರಡನ್ನೂ ಕೂಡಿಸಿದರೆ ಇನ್ನೂ ಕೇಡು: ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕಿ, ದನಿ ತಗಡಿನ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಅದೇ ಸಾಲನ್ನು ಗಾಯಕಿ ನಿಜವಾಗಿ ಎರಡನೇ ಸಲ ಹಾಡಿದಾಗ ಶ್ರುತಿ, ಕಾಲ ಎರಡೂ ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಬದಲಾಗುತ್ತಿರುತ್ತವೆ. ಆ ಅಲುಗಾಟವೇ ದನಿಗೆ ದಪ್ಪ ಕೊಡುತ್ತದೆ.

ಹೀಗೆ ಮತ್ತೆ ಮತ್ತೆ ಹಾಡುವುದೆಂದರೆ ಬೀಟಲ್ಸ್ ತಂಡದ ಜಾನ್ ಲೆನನ್‌ಗೆ ಬೇಸರ. 1966ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್ಸೆಂಡ್ ಅದಕ್ಕೊಂದು ದಾರಿ ಕಂಡುಹಿಡಿದರು. ಅದೇ ದನಿಯನ್ನು ಎರಡನೇ ಟೇಪ್ ಯಂತ್ರಕ್ಕೆ ಹಾಯಿಸಿ, ತುಸು ತಡಮಾಡಿ, ಆ ಯಂತ್ರದ ವೇಗವನ್ನು ಕೈಯಿಂದ ಸಣ್ಣಗೆ ಏರಿಳಿಸುತ್ತಿದ್ದರು. ನಕಲು ನಿಂತಲ್ಲಿ ನಿಲ್ಲದೆ ಅಲುಗಾಡಲಿ ಎಂಬುದೇ ಆ ಏರಿಳಿತದ ಉದ್ದೇಶ. ‘ರಿವಾಲ್ವರ್’ ಆಲ್ಬಂನಲ್ಲಿ ಈ ಉಪಾಯದ ಗುರುತುಗಳಿವೆ. ಆದರೂ ಎರಡು ಸಲ ಹಾಡಲು ತಾಳ್ಮೆ ಇರುವ ಗಂಟಲು ಸಿಕ್ಕರೆ ಅದನ್ನು ಬಿಟ್ಟು ಯಂತ್ರದ ಬೆನ್ನು ಹತ್ತುವುದು ದಂಡ.

ಈಗ ಒಂದು ಸಾಲು ತೆಗೆದುಕೊಳ್ಳೋಣ: ‘ಸಂಜೆ ಹೊತ್ತು ಸುಮ್ಮನೆ ನಿಂತೆ’. ಉದಾಹರಣೆಗೆಂದೇ ಹೊಸೆದ ಸಾಲು, ಕಾವ್ಯವೆಂದು ತೂಗಬೇಡಿ. ಗಾಯಕಿ ಒಬ್ಬರೇ. ಅವರು ಲೀಡ್ ಹಾಡುತ್ತಾರೆ. ಅದೇ ಸ್ವರದಲ್ಲಿ ಎರಡು ಡಬಲ್, ಮೇಲಿನ ಹಾರ್ಮನಿ ಎರಡು ಸಲ, ಕೆಳಗಿನದು ಎರಡು ಸಲ. ಒಟ್ಟು ಏಳು ದನಿ.

ಹಾಗೆಯೇ ಕೂಡಿಸಿ ಕೇಳಿದರೆ ಮೊದಲು ಕಿವಿಗೆ ಚುಚ್ಚುವುದು ‘ಸ’. ಏಳು ‘ಸ’ಗಳು ಬೇರೆ ಬೇರೆ ಗಳಿಗೆಯಲ್ಲಿ ಹೊರಟು ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಸದ್ದಾಗುತ್ತದೆ. ಆಮೇಲೆ ‘ಹೊತ್ತು’. ಒತ್ತಕ್ಷರದಲ್ಲಿ ನಾಲಿಗೆ ಹಲ್ಲಿಗೆ ಅಂಟಿ ಒಂದು ಕ್ಷಣ ಪೂರ್ತಿ ಮೌನ, ನಂತರ ‘ತು’ ಸಿಡಿಯುತ್ತದೆ. ಒಬ್ಬರ ಮೌನದೊಳಗೆ ಇನ್ನೊಬ್ಬರ ಸಿಡಿತ ಬಿದ್ದರೆ ಒತ್ತಕ್ಷರವೇ ಕರಗಿಹೋಗಿ, ಡಬ್ಬಿಯಿಂದ ಕಡಲೆ ಚೆಲ್ಲಿದಂತೆ ‘ತತತ’ ಎನ್ನುತ್ತದೆ. ಕನ್ನಡದಲ್ಲಿ ಒತ್ತುಗಳು ಹೆಜ್ಜೆಹೆಜ್ಜೆಗೂ ಇರುವುದರಿಂದ ಇಲ್ಲಿ ಹೆಚ್ಚು ಎಚ್ಚರ ಬೇಕು.

ಎಲ್ಲವನ್ನೂ ಸಾಲಾಗಿ ಜೋಡಿಸಿಬಿಡುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದೆಂದರೆ ವ್ಯಂಜನ ಉಚ್ಚರಿಸುವವರ ಸಂಖ್ಯೆಯನ್ನೇ ತಗ್ಗಿಸುವುದು. ‘ಸ’, ‘ತ್ತು’ ಗಟ್ಟಿಯಾಗಿ ಹೇಳುವ ಹಕ್ಕು ಲೀಡ್‌ಗೆ ಮಾತ್ರ. ಹಾರ್ಮನಿ ಹಾಡುವಾಗ ಗಾಯಕಿ ‘ಸಂಜೆ’ಯ ‘ಸ’ವನ್ನು ಬರೀ ಉಸಿರಿನಷ್ಟು ಮೆಲ್ಲಗೆ ತೇಲಿಸಬೇಕು, ‘ತ್ತು’ವಿನಲ್ಲಿ ನಾಲಿಗೆ ಸುಮ್ಮನೆ ತಾಗಿಸಿ ಬಿಡಬೇಕು. ಆ ಟ್ರ್ಯಾಕನ್ನು ಒಂಟಿಯಾಗಿ ಕೇಳಿದರೆ ಹಲ್ಲಿಲ್ಲದವರು ಹಾಡಿದಂತಿರುತ್ತದೆ, ಆದರೆ ಏಳೂ ಕೂಡಿದಾಗ ಎಲ್ಲರೂ ಸ್ಪಷ್ಟವಾಗಿ ಹಾಡಿದಂತೆ ಕಿವಿ ನಂಬುತ್ತದೆ. ರೆಕಾರ್ಡಿಂಗ್ ಮುಗಿದುಹೋಗಿದ್ದರೆ ಆ ‘ಸ’ಗಳ ಸದ್ದನ್ನು ಎಡಿಟಿಂಗಿನಲ್ಲಿ ತಗ್ಗಿಸಬಹುದು, ಲೀಡ್ ಬಿಟ್ಟು ಉಳಿದವರ ಉಸಿರೆಳೆತವನ್ನು ಅಳಿಸಬಹುದು.

ಉಳಿಯುವುದು ಕಾಲದ ಪ್ರಶ್ನೆ. ಸುಮಾರು 20-30 ಮಿಲಿಸೆಕೆಂಡಿನೊಳಗೆ ಬಂದ ಎರಡು ಅಕ್ಷರಗಳನ್ನು ಕಿವಿ ಒಂದೆಂದೇ ಎಣಿಸುತ್ತದೆ. ಹೀಗಾಗಿ ತಾಳದ ಪೆಟ್ಟಿಗೆ ಬೀಳುವ ಅಕ್ಷರಗಳನ್ನು, ಇಲ್ಲಿ ‘ಸಂ’, ‘ಹೊ’, ‘ಸು’, ‘ನಿಂ’ಗಳನ್ನು, ಅಷ್ಟರೊಳಗೆ ತಂದರೆ ಸಾಕು. ಜೋಡಿಸಬೇಕಾದದ್ದು ಲೀಡ್‌ಗೆ, ಮೆಟ್ರೊನೋಮಿಗಲ್ಲ: ಲೀಡ್ ಬೇಕೆಂದೇ ತುಸು ಎಳೆದಿದ್ದರೆ ಹಿಂದಿನವರೂ ಎಳೆಯಬೇಕು. ನಡುವಿನ ಸ್ವರಗಳನ್ನು ಮುಟ್ಟದಿರುವುದೇ ಜಾಣತನ. ಸಾಫ್ಟ್‌ವೇರಿನಿಂದ ಶ್ರುತಿಯನ್ನೂ ಕಾಲವನ್ನೂ ಪೂರ್ತಿ ಒಂದಾಗಿಸಿದರೆ ಕಷ್ಟಪಟ್ಟು ಹಾಡಿಸಿದ ಡಬಲ್ ಮತ್ತೆ ಬರೀ ನಕಲಿನ ಮಟ್ಟಕ್ಕೆ ಇಳಿಯುತ್ತದೆ. ಗಮಕವಿರುವ ಕಡೆ ತೊಡಕು ಬೇರೆಯದು. ಏಳು ಗಮಕಗಳು ಒಂದೇ ಅಳತೆಯಲ್ಲಿ ತೂಗುವುದಿಲ್ಲ. ಆದ್ದರಿಂದ ಗಮಕವನ್ನು ಲೀಡ್‌ಗೆ ಬಿಟ್ಟು, ಹಾರ್ಮನಿಯಲ್ಲಿ ಸ್ವರವನ್ನು ನೇರವಾಗಿ ಹಿಡಿಸುವುದು ಮೇಲು.

ಜಾಗ ಹಂಚುವಾಗ ಲೀಡ್ ನಟ್ಟನಡುವೆ ಇರುತ್ತದೆ. ಎರಡು ಡಬಲ್‌ಗಳು ಎಡಬಲಕ್ಕೆ ಅರ್ಧದಷ್ಟು ದೂರ, ಹಾರ್ಮನಿಯ ಜೋಡಿಗಳು ಅಂಚಿನವರೆಗೆ. ಹೊಸಬರು ಮೇಲಿನ ಹಾರ್ಮನಿಯನ್ನೆಲ್ಲ ಎಡಕ್ಕೂ ಕೆಳಗಿನದನ್ನೆಲ್ಲ ಬಲಕ್ಕೂ ಇಡುವುದುಂಟು. ಹಾಗಾದರೆ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕೇಳುವವರಿಗೆ ಅರ್ಧ ರಾಗಸಂಯೋಜನೆಯೇ ಕಾಣೆ. ಒಂದೊಂದು ಸ್ವರದ ಜೋಡಿಯೂ ಒಡೆದು ಎರಡೂ ಬದಿಗೆ ಹೋಗಬೇಕು.

ಮಟ್ಟದ ಲೆಕ್ಕ ಹೀಗೆ ಮಾಡಬಹುದು. ಡಬಲ್ ಒಂದೊಂದೂ ಲೀಡ್‌ಗಿಂತ 8 ಡೆಸಿಬೆಲ್ ಕೆಳಗೆ, ಹಾರ್ಮನಿ ಒಂದೊಂದೂ 10 ಕೆಳಗೆ. ಕೇಳಲು ಬಹಳ ಸಣ್ಣದೆನಿಸುತ್ತದೆ. ಆದರೆ ಬೇರೆ ಬೇರೆಯಾಗಿ ಹಾಡಿದ ಎರಡು ದನಿ ಸೇರಿದರೆ 3 ಡೆಸಿಬೆಲ್ ಏರುತ್ತದೆ, ನಾಲ್ಕು ಸೇರಿದರೆ 6. ಹೀಗೆ ಆರೂ ಕೂಡಿದಾಗ ಆ ಗುಂಪು ಲೀಡ್‌ಗಿಂತ ಸುಮಾರು ಒಂದೂವರೆ ಡೆಸಿಬೆಲ್ ಮಾತ್ರ ಕಡಿಮೆ. ಒಂದೊಂದನ್ನೂ ಇನ್ನೆರಡು ಏರಿಸಿದರೆ ಗುಂಪು ಲೀಡನ್ನೇ ಮೀರುತ್ತದೆ. ಇದಕ್ಕೇ ಆರನ್ನೂ ಒಂದು ಗುಂಪಿಗೆ ಕಟ್ಟಿ ಒಂದೇ ಫೇಡರಿನಲ್ಲಿ ಹಿಡಿಯುತ್ತಾರೆ.

ಪರೀಕ್ಷೆ ಮಾಡಲು ಮಿಕ್ಸನ್ನು ಮೋನೋ ಮಾಡಿ ಕೇಳಬೇಕು. ಅಂಚಿನ ಹಾರ್ಮನಿಗಳು ನಡುವಿನ ಲೀಡ್‌ಗೆ ಹೋಲಿಸಿದರೆ 3 ಡೆಸಿಬೆಲ್‌ನಷ್ಟು ಇಳಿಯುವುದು ಸಹಜ. ಅವು ಟೊಳ್ಳಾದರೆ ಅಥವಾ ಮಾಯವೇ ಆದರೆ ಎಲ್ಲೋ ಕಾಪಿ ಮಾಡಿದ ಟ್ರ್ಯಾಕ್ ಸೇರಿಕೊಂಡಿದೆ ಎಂದೇ ಅರ್ಥ.

ಕೊನೆಯದಾಗಿ ‘ನಿಂತೆ’. ಕನ್ನಡದ ಸಾಲು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುವುದರಿಂದ ಆ ‘ಎ’ಕಾರವನ್ನು ಏಳು ದನಿಗಳು ಏಳು ಕಡೆ ಬಿಡುತ್ತವೆ. ಮೊದಲ ಅಕ್ಷರವನ್ನು ತಿದ್ದಲು ಗಂಟೆಗಟ್ಟಲೆ ಕೂರುವವರು ಈ ಬಾಲವನ್ನು ಮರೆಯುತ್ತಾರೆ. ಆರು ಟ್ರ್ಯಾಕುಗಳನ್ನೂ ಒಂದೇ ಗೆರೆಯಲ್ಲಿ ಮೆಲ್ಲಗೆ ಇಳಿಸಿ, ಲೀಡ್‌ಗಿಂತ ಅರ್ಧ ಮಾತ್ರೆ ಮೊದಲು ಮುಗಿಸಿದರೆ ಗುಂಪು ಹಿಂದೆ ಸರಿದು, ಸಾಲಿನ ತುದಿಯಲ್ಲಿ ಗಾಯಕಿಯ ಒಂಟಿ ‘ಎ’ ಉಳಿಯುತ್ತದೆ.