‘ಶರಪಂಜರ’ ಇಷ್ಟವಾದವರು ಮುಂದೇನು ನೋಡಬೇಕು?

ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ನೋಡಿ ಮುಗಿಸಿದವರಿಗೆ ಇಂಥದ್ದೇ ಇನ್ನೊಂದು ಸಿನಿಮಾ ಬೇಕು ಅನ್ನಿಸುವುದು ಸಹಜ. ಮೊಬೈಲಿನಲ್ಲಿ ಹುಡುಕಿದರೆ ಕಲ್ಪನಾ ನಟಿಸಿದ ಬೇರೆ ಚಿತ್ರಗಳು ಬರುತ್ತವೆ, ಇಲ್ಲವೇ ಎಪ್ಪತ್ತರ ದಶಕದ ಸಾಂಸಾರಿಕ ಚಿತ್ರಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಎರಡು ಮೂರು ನೋಡುವಷ್ಟರಲ್ಲಿ ಬೇಸರ ಬರುತ್ತದೆ. ಕಣ್ಣೀರಿದೆ, ಸಂಸಾರವಿದೆ, ಹಾಡುಗಳೂ ಇವೆ, ಆದರೆ ‘ಶರಪಂಜರ’ ಕೊಟ್ಟ ಆ ತಳಮಳ ಇಲ್ಲ. ಕಾರಣ, ನಮಗೆ ಹಿಡಿಸಿದ್ದು ಕಥೆಯೋ, ನಟಿಯೋ, ನಿರ್ದೇಶಕರು ಕಥೆ ಹೇಳಿದ ರೀತಿಯೋ ಎಂಬುದನ್ನು ನಾವು ಬಿಡಿಸಿ ನೋಡಿರುವುದಿಲ್ಲ. ಅದು ಗೊತ್ತಾದರೆ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ, ಅದೂ ಕನ್ನಡದ ಗಡಿಯನ್ನು ದಾಟಿ ಬಹಳ ದೂರದವರೆಗೆ.

ಬಿಡಿಸಿ ನೋಡುವುದಕ್ಕೆ ಇಡೀ ಸಿನಿಮಾ ಬೇಕಿಲ್ಲ, ಮನಸ್ಸಿನಲ್ಲಿ ಉಳಿದ ಒಂದು ಭಾಗ ಸಾಕು. ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ನಂತರದ ಭಾಗವನ್ನು ತೆಗೆದುಕೊಳ್ಳೋಣ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡ ಹತ್ತಿರ ಬರುವುದಿಲ್ಲ, ಅವನ ಮನಸ್ಸು ಬೇರೊಬ್ಬಳ ಕಡೆ ಹೋಗಿದೆ. ಸುತ್ತಲಿನವರು ಅವಳನ್ನು ಹಳೆಯ ಕಾಯಿಲೆಯ ಕಣ್ಣಿನಿಂದಲೇ ನೋಡುತ್ತಾರೆ. ಈ ಭಾಗವನ್ನು ಒಮ್ಮೆ ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಧ್ವನಿಯಿಲ್ಲದೆಯೂ ಎದೆ ಭಾರವಾದರೆ ನಿಮ್ಮನ್ನು ಹಿಡಿದದ್ದು ಚಿತ್ರಿಕೆ: ಮುಖ, ಬಣ್ಣ, ಕೋಣೆಯಲ್ಲಿ ಅವಳನ್ನು ನಿಲ್ಲಿಸಿರುವ ಜಾಗ. ಕೇಳುವಾಗಲೇ ಹೆಚ್ಚು ತಟ್ಟಿದರೆ ನಿಮ್ಮನ್ನು ಹಿಡಿದದ್ದು ಶಬ್ದ: ಮಾತಿನ ಏರಿಳಿತ, ವಿಜಯಭಾಸ್ಕರ್ ಅವರ ಸಂಗೀತ, ವನವಾಸ ಮುಗಿಸಿ ಬಂದ ಸೀತೆಯ ಕಥೆಯಾಗಿ ಶುರುವಾಗಿ ಹಾಡುವವಳ ಸ್ವಂತ ಕಥೆಯೇ ಆಗಿಬಿಡುವ ಆ ಹಾಡು. ಎರಡೂ ಸಲ ಅಷ್ಟೇನೂ ತಟ್ಟದೆ, “ಪಾಪ, ಹೆಣ್ಣಿಗೆ ಎಂಥ ಗತಿ ಬಂತು” ಎಂಬ ನೋವಷ್ಟೇ ಉಳಿದರೆ ಹಿಡಿದದ್ದು ಕಥೆ. ಆಗ ತ್ರಿವೇಣಿಯವರ ಕಾದಂಬರಿಗಳ ಕಡೆಗೆ ಹೋಗುವುದು ಪುಟ್ಟಣ್ಣನವರ ಮುಂದಿನ ಚಿತ್ರಕ್ಕೆ ಹೋಗುವುದಕ್ಕಿಂತ ಸರಿಯಾದ ದಾರಿ.

ಇಲ್ಲೊಂದು ಎಡವಟ್ಟು ಸುಲಭವಾಗಿ ಆಗುತ್ತದೆ. ಕಲ್ಪನಾ ಅವರ ಅಭಿನಯ ಎಷ್ಟು ಪ್ರಬಲವೆಂದರೆ ಅದನ್ನೇ ಪುಟ್ಟಣ್ಣನವರ ಶೈಲಿ ಎಂದುಕೊಳ್ಳುವವರಿದ್ದಾರೆ. ಆದ್ದರಿಂದ ಎರಡನೆಯ ಚಿತ್ರವಾಗಿ ಕಲ್ಪನಾ ಇಲ್ಲದ ಒಂದನ್ನು ನೋಡಬೇಕು. ಜಯಂತಿ ನಟಿಸಿದ ‘ಎಡಕಲ್ಲು ಗುಡ್ಡದ ಮೇಲೆ’ (1973) ಆಗಬಹುದು, ಆರತಿ ನಟಿಸಿದ ‘ರಂಗನಾಯಕಿ’ (1981) ಆಗಬಹುದು. ನನ್ನನ್ನು ಕೇಳಿದರೆ ‘ಕಥಾಸಂಗಮ’ (1976) ಎಲ್ಲಕ್ಕಿಂತ ಒಳ್ಳೆಯದು. ಮೂವರು ಲೇಖಕರ ಮೂರು ಸಣ್ಣಕಥೆಗಳನ್ನು ಒಬ್ಬರೇ ನಿರ್ದೇಶಕರು ಒಂದೇ ಚಿತ್ರದಲ್ಲಿ ಹೇಳಿದ್ದಾರೆ. ಕಥೆ ಬದಲಾಯಿತು, ಪಾತ್ರ ಬದಲಾಯಿತು, ನಟರು ಬದಲಾದರು. ಅಷ್ಟಾದ ಮೇಲೂ ಬದಲಾಗದೆ ಉಳಿದದ್ದು ಯಾವುದೋ ಅದು ಪುಟ್ಟಣ್ಣನವರದು.

‘ನಾಗರಹಾವು’ (1972) ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ ಅದು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ತರಾಸು ಬೇಸರಪಟ್ಟರೆಂಬುದು ಚಿತ್ರರಂಗದಲ್ಲಿ ಪ್ರಸಿದ್ಧವಾದ ಮಾತು. ಲೇಖಕರಿಗೆ ಬೇಸರ ತಂದ ಆ ವ್ಯತ್ಯಾಸವೇ ನಮಗೆ ಉಪಯೋಗಕ್ಕೆ ಬರುತ್ತದೆ. ಕಾದಂಬರಿಯನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಮಧ್ಯೆ ಎದ್ದು ಕಾಣುವುದು ನಿರ್ದೇಶಕರ ಕೈ. ರಾಮಾಚಾರಿಯ ಮೊಂಡುತನಕ್ಕೆ ಚಿತ್ರದುರ್ಗದ ಬಂಡೆಗಳೇ ಆಕಾರ ಕೊಡುತ್ತವೆ, ಅವನ ಪ್ರೇಮ ಸ್ಲೋಮೋಷನ್ ಹಾಡಿನಲ್ಲಿ ನೆಲ ಬಿಟ್ಟು ತೇಲುತ್ತದೆ. ಪಾತ್ರದ ಒಳಗಿನ ಭಾವವನ್ನು ಹೊರಗಿನ ಪ್ರಕೃತಿಗೆ, ಹಾಡಿಗೆ, ಕ್ಯಾಮೆರಾದ ಚಲನೆಗೆ ವರ್ಗಾಯಿಸುವುದು ಪುಟ್ಟಣ್ಣನವರ ಮುಖ್ಯ ಗುಣ. ಅವರು ಭಾವವನ್ನು ಅಡಗಿಸುವುದಿಲ್ಲ, ಹಿಗ್ಗಿಸಿ ತೋರಿಸುತ್ತಾರೆ. ಅದನ್ನು ‘ಅತಿ’ ಎಂದು ತಳ್ಳಿಹಾಕುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಬಾಯಿ ಬಿಟ್ಟು ಹೇಳಲಾರದ ಹೆಣ್ಣಿನ ಪರವಾಗಿ ಚಿತ್ರವೇ ಕೂಗುತ್ತದೆ. ‘ಶರಪಂಜರ’ದಲ್ಲಿ ಆ ಕೂಗು ಬೇಕಾಗಿತ್ತು.

ಈಗ ಹುಡುಕಾಟ. ಮೊದಲು ಹೊಳೆಯುವುದು ರೀಮೇಕ್. ‘ಶರಪಂಜರ’ ತೆಲುಗಿನಲ್ಲಿ ‘ಕೃಷ್ಣವೇಣಿ’ (1974) ಆಯಿತು, ‘ಗೆಜ್ಜೆಪೂಜೆ’ ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ (1981) ಆಯಿತು. ಇವನ್ನು ಬೇರೆ ನಿರ್ದೇಶಕರು ಮಾಡಿದರು. ರೀಮೇಕ್ ಕಥೆಯನ್ನು ಕೊಂಡೊಯ್ಯುತ್ತದೆ, ಶೈಲಿಯನ್ನು ಕೊಂಡೊಯ್ಯಬೇಕೆಂದಿಲ್ಲ. ಕಥೆಯ ತಿರುವುಗಳೆಲ್ಲ ಮೊದಲೇ ಗೊತ್ತಿರುವುದರಿಂದ ನೋಡುವ ಕುತೂಹಲವೂ ಉಳಿಯುವುದಿಲ್ಲ.

ಎರಡನೆಯದು ಜೊತೆಗೆ ಕೆಲಸ ಮಾಡಿದವರ ಜಾಡು. ಇದು ಆಸಕ್ತಿಯ ದಾರಿ, ಆದರೆ ಎಚ್ಚರ ಬೇಕು. ಪುಟ್ಟಣ್ಣನವರ ಎಷ್ಟೋ ಚಿತ್ರಗಳಿಗೆ ಸಂಗೀತ ಕೊಟ್ಟ ವಿಜಯಭಾಸ್ಕರ್ ಅವರ ಹೆಸರು ಹಿಡಿದು ಹೊರಟರೆ ಮಲಯಾಳದ ಅಡೂರ್ ಗೋಪಾಲಕೃಷ್ಣನ್ ಅವರ ‘ಮದಿಲುಕಳ್’ (1990) ಸಿಗುತ್ತದೆ. ಅಲ್ಲಿಯೂ ಒಬ್ಬ ಹೆಣ್ಣಿದ್ದಾಳೆ. ಆದರೆ ಜೈಲಿನ ಗೋಡೆಯ ಆಚೆಯಿಂದ ಅವಳ ಧ್ವನಿ ಮಾತ್ರ ಕೇಳುತ್ತದೆ, ಮುಖ ಕೊನೆಯವರೆಗೂ ಕಾಣುವುದಿಲ್ಲ. ಅತ್ಯುತ್ತಮ ಚಿತ್ರ, ಆದರೆ ಶೈಲಿಯಲ್ಲಿ ಪುಟ್ಟಣ್ಣನವರಿಗೆ ಪೂರಾ ವಿರುದ್ಧ. ಅದೇ ಸಂಗೀತಗಾರರು ಇಲ್ಲಿ ಭಾವವನ್ನು ಎತ್ತಿ ಹಿಡಿಯುತ್ತಾರೆ, ಅಲ್ಲಿ ಹಿಂದೆ ಸರಿದು ಮೌನಕ್ಕೆ ಜಾಗ ಬಿಡುತ್ತಾರೆ. ತಂತ್ರಜ್ಞರು ನಿರ್ದೇಶಕರಿಗೆ ತಕ್ಕಂತೆ ಬದಲಾಗುತ್ತಾರೆ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ.

ಮೂರನೆಯದು ಶಿಷ್ಯರ ಜಾಡು. ತಮಿಳಿನ ಭಾರತಿರಾಜಾ ಪುಟ್ಟಣ್ಣನವರ ಕೈಕೆಳಗೆ ಸಹಾಯಕರಾಗಿದ್ದವರು. ಅವರ ಮೊದಲ ಚಿತ್ರ ‘16 ವಯದಿನಿಲೆ’ (1977) ನೋಡಿದರೆ ಪ್ರಕೃತಿಯ ಮೂಲಕ ಭಾವ ಹೇಳುವ ಕ್ರಮ ಅಲ್ಲಿಗೂ ಹೋಗಿರುವುದು ಕಾಣುತ್ತದೆ. ‘ನಾಗರಹಾವು’ ಇಷ್ಟಪಟ್ಟವರಿಗೆ ಇದು ಖಂಡಿತ ಹಿಡಿಸುತ್ತದೆ. ಆದರೆ ‘ಶರಪಂಜರ’ದ ಮನೆಯೊಳಗಿನ ಉಸಿರುಗಟ್ಟುವಿಕೆಯೇ ಬೇಕು ಎನ್ನುವವರಿಗೆ ಹಳ್ಳಿಯ ಆ ಬಯಲು ಸಾಲದು. ಅವರು ಕೆ. ಬಾಲಚಂದರ್ ಕಡೆಗೆ ಹೋಗಬೇಕು. ಸಂಸಾರದ ಭಾರವನ್ನೆಲ್ಲ ಹೊತ್ತ ದುಡಿಯುವ ಹೆಣ್ಣಿನ ಕಥೆಯಾದ ‘ಅವಳ್ ಒರು ತೊಡರ್‌ಕದೈ’ (1974) ಅವರದು. ಅದನ್ನೇ ಅವರು ಸುಹಾಸಿನಿಯವರನ್ನು ಹಾಕಿಕೊಂಡು ಕನ್ನಡದಲ್ಲಿ ‘ಬೆಂಕಿಯಲ್ಲಿ ಅರಳಿದ ಹೂವು’ (1983) ಎಂದು ಮಾಡಿದರು. ಬಾಲಚಂದರ್ ಚಿತ್ರಗಳಲ್ಲಿ ಹರಿತವಾದ ಮಾತಿಗೆ ಹೆಚ್ಚು ಬೆಲೆ, ಅದು ನೆನಪಿರಲಿ.

ಆ ಕಥೆಯ ಹಿಂದೆ ಬಂಗಾಳದ ಒಂದು ಚಿತ್ರದ ನೆರಳಿದೆ: ಋತ್ವಿಕ್ ಘಟಕ್ ಅವರ ‘ಮೇಘೇ ಢಾಕಾ ತಾರಾ’ (1960). ಪುಟ್ಟಣ್ಣನವರನ್ನು ಕಿವಿಯಿಂದ ಮೆಚ್ಚಿದವರು ತಪ್ಪದೆ ತಲುಪಬೇಕಾದ ಜಾಗ ಇದು. ದೇಶ ಹೋಳಾದ ಮೇಲೆ ಕೋಲ್ಕತ್ತಾದ ಅಂಚಿನ ನಿರಾಶ್ರಿತರ ಕಾಲೊನಿಯಲ್ಲಿ ಬದುಕುವ ಕುಟುಂಬ. ಹಿರಿಯ ಮಗಳು ನೀತಾ ದುಡಿದು ಎಲ್ಲರನ್ನೂ ಸಾಕುತ್ತಾಳೆ. ಚಿತ್ರದ ಆರಂಭದಲ್ಲೇ ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಗುತ್ತದೆ. ಮನೆಯವರೆಲ್ಲ ಅವಳ ಸಂಬಳದಿಂದ ತಮಗೆ ಬೇಕಾದ್ದನ್ನು ಪಡೆಯುತ್ತಾರೆ, ಅವಳು ಪ್ರೀತಿಸಿದ ಹುಡುಗ ಅವಳ ತಂಗಿಯನ್ನೇ ಮದುವೆಯಾಗುತ್ತಾನೆ. ಅವನ ಕೋಣೆಯಲ್ಲಿ ಬೇರೊಬ್ಬಳಿದ್ದಾಳೆಂದು ತಿಳಿದು ನೀತಾ ಮೆಟ್ಟಿಲಿಳಿದು ಬರುವ ದೃಶ್ಯವಿದೆ. ಅವಳು ಅಳುವುದಿಲ್ಲ, ಮಾತೂ ಆಡುವುದಿಲ್ಲ. ಹಿನ್ನೆಲೆಯಲ್ಲಿ ಚಾಟಿಯೇಟಿನ ಸದ್ದು ಕೇಳುತ್ತದೆ. ಆ ಮನೆಯಲ್ಲಿ ಚಾಟಿಯೂ ಇಲ್ಲ, ಹೊಡೆಯುವವರೂ ಇಲ್ಲ. ಅವಳ ಮನಸ್ಸಿನ ಮೇಲೆ ಬಿದ್ದ ಪೆಟ್ಟನ್ನು ಘಟಕ್ ನಮ್ಮ ಕಿವಿಗೆ ಕೇಳಿಸುತ್ತಾರೆ. ಕಾವೇರಿಗಾಗಿ ಚಿತ್ರವೇ ಕೂಗುತ್ತದೆ ಎಂದೆನಲ್ಲ, ಅದೇ ಕೆಲಸ ಇಲ್ಲಿ ಇನ್ನೂ ಕಟುವಾಗಿ, ಇನ್ನೂ ಕಡಿಮೆ ಸಾಮಗ್ರಿಯಲ್ಲಿ ನಡೆದಿದೆ. ಪುಟ್ಟಣ್ಣನವರು ಹಾಡಿನಿಂದ ಸಾಧಿಸಿದ್ದನ್ನು ಘಟಕ್ ಒಂದು ಸದ್ದಿನಿಂದ ಸಾಧಿಸುತ್ತಾರೆ.

ಧ್ವನಿ ನಿಲ್ಲಿಸಿ ನೋಡಿದಾಗಲೂ ಅಲುಗಾಡಿದವರು ಹಾಲಿವುಡ್ಡಿನ ಡಗ್ಲಸ್ ಸರ್ಕ್ ಅವರ ‘ಆಲ್ ದಟ್ ಹೆವನ್ ಅಲೋಸ್’ (1955) ನೋಡಬೇಕು. ಗಂಡ ಸತ್ತ ಮಧ್ಯವಯಸ್ಸಿನ ಹೆಂಗಸು ತನಗಿಂತ ಚಿಕ್ಕವನಾದ ತೋಟಗಾರನನ್ನು ಪ್ರೀತಿಸುತ್ತಾಳೆ. ಊರು ಆಡಿಕೊಳ್ಳುತ್ತದೆ, ಬೆಳೆದ ಮಕ್ಕಳೇ ಅಡ್ಡ ಬರುತ್ತಾರೆ. ಅವನನ್ನು ಬಿಟ್ಟ ಅಮ್ಮನಿಗೆ ಮಕ್ಕಳು ಹೊತ್ತು ಹೋಗಲೆಂದು ಟಿವಿ ಸೆಟ್ ತಂದುಕೊಡುತ್ತಾರೆ. ಆ ಟಿವಿಯ ಗಾಜಿನಲ್ಲಿ ಕಾಣುವುದು ಅವಳದೇ ಮುಖ, ಚೌಕಟ್ಟಿನೊಳಗೆ ಸಿಕ್ಕಿಬಿದ್ದ ಒಂಟಿ ಮುಖ. ಸುಂದರ ಬಣ್ಣ, ಚೆಂದದ ಮನೆ, ನಡುವೆ ಬಂದಿಯಾದ ಹೆಣ್ಣು. ‘ಶರಪಂಜರ’ ಎಂಬ ಹೆಸರನ್ನು ಈ ಚಿತ್ರಕ್ಕೂ ಇಡಬಹುದಿತ್ತು. ಜರ್ಮನಿಯ ಫಾಸ್‌ಬಿಂಡರ್ ಸರ್ಕ್ ಚಿತ್ರಗಳನ್ನು ಬಹಳ ಮೆಚ್ಚಿಕೊಂಡಿದ್ದರು. ಇದೇ ಕಥೆಯ ಎಳೆ ಹಿಡಿದು ಅವರು ‘ಅಲಿ: ಫಿಯರ್ ಈಟ್ಸ್ ದಿ ಸೋಲ್’ (1974) ಮಾಡಿದರು. ಅದರಲ್ಲಿ ವಯಸ್ಸಾದ ತಾಯಿ ವಲಸೆ ಕಾರ್ಮಿಕನನ್ನು ಮದುವೆಯಾದೆನೆಂದು ಹೇಳಿದಾಗ ಮಗ ಎದ್ದು ಟಿವಿಯನ್ನೇ ಒದ್ದು ಒಡೆಯುತ್ತಾನೆ. ಸರ್ಕ್ ಚಿತ್ರವನ್ನು ಮೊದಲು ನೋಡಿದವರಿಗೆ ಮಾತ್ರ ಆ ಒದೆತದ ಪೂರ್ತಿ ಅರ್ಥ ಸಿಗುತ್ತದೆ.

ಇನ್ನು, ಆಸ್ಪತ್ರೆಯಿಂದ ಮನೆಗೆ ಮರಳಿದ ಹೆಣ್ಣಿನ ಸ್ಥಿತಿಯೇ ನಿಮ್ಮನ್ನು ಕಾಡಿದ್ದರೆ ಜಾನ್ ಕ್ಯಾಸವೆಟಿಸ್ ಅವರ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ (1974) ಇದೆ. ಮೇಬಲ್ ಆರು ತಿಂಗಳು ಆಸ್ಪತ್ರೆಯಲ್ಲಿದ್ದು ವಾಪಸಾಗುವ ದಿನ ಗಂಡ ಜನರನ್ನೆಲ್ಲ ಕರೆದಿರುತ್ತಾನೆ, ಆಮೇಲೆ ಕಸಿವಿಸಿಯಾಗಿ ಬಹಳ ಜನರನ್ನು ವಾಪಸ್ ಕಳಿಸುತ್ತಾನೆ. ಉಳಿದ ಮನೆಯವರು ಅವಳ ಒಂದೊಂದು ಮಾತನ್ನೂ ಉಸಿರು ಬಿಗಿಹಿಡಿದು ಗಮನಿಸುತ್ತಾರೆ. ಕಾವೇರಿಯ ಮನೆಯೇ ನೆನಪಾಗುತ್ತದೆ. ಆದರೆ ಇಲ್ಲಿ ಭಾವ ಹೊರುವ ಹಾಡಿಲ್ಲ, ಬಂಡೆಯಿಲ್ಲ, ಬಣ್ಣದ ಸಂಕೇತವಿಲ್ಲ. ಒಂದು ಸಾಧಾರಣ ಮನೆ, ತಡವರಿಸುವ ಮಾತು, ಬಿಡದೆ ಹಿಂಬಾಲಿಸುವ ಕ್ಯಾಮೆರಾ ಅಷ್ಟೇ. ಇದು ‘ಶರಪಂಜರ’ದಷ್ಟೇ ತಟ್ಟಿದರೆ ನಿಮ್ಮ ಒಲವು ಆ ಸನ್ನಿವೇಶದ ಮೇಲೆ ಎಂದು ತಿಳಿಯಬಹುದು. ಏನೋ ಕೊರತೆ ಅನ್ನಿಸಿದರೆ ನಿಮಗೆ ಬೇಕಾದದ್ದು ಪುಟ್ಟಣ್ಣನವರ ಹಿಗ್ಗಿಸುವ ರೀತಿಯೇ. ಆಗ ಘಟಕ್ ಮತ್ತು ಸರ್ಕ್ ಅವರ ಉಳಿದ ಚಿತ್ರಗಳ ಕಡೆಗೇ ತಿರುಗಿ.

ನೋಡುವ ಪ್ರತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಳೆಯ ಕನ್ನಡ ಚಿತ್ರಗಳ ಎಷ್ಟೋ ಪ್ರತಿಗಳಲ್ಲಿ ಬಣ್ಣ ಮಾಸಿದೆ, ಕೆಲವದರಲ್ಲಿ ಹಾಡುಗಳನ್ನು ಕತ್ತರಿಸಲಾಗಿದೆ. ಅಗಲದ ಟಿವಿ ತುಂಬಲೆಂದು ಚಿತ್ರಿಕೆಯ ಮೇಲೂ ಕೆಳಗೂ ಕೊಯ್ದ ಪ್ರತಿಗಳೂ ಓಡಾಡುತ್ತಿವೆ. ನಟರ ನೆತ್ತಿ ಮೇಲಿಂದ ಮೇಲೆ ಚೌಕಟ್ಟಿನಾಚೆ ಹೋಗುತ್ತಿದ್ದರೆ ಅದು ಕೊಯ್ದ ಪ್ರತಿ ಎಂಬ ಅನುಮಾನ ಬರಬೇಕು. ನಿರ್ದೇಶಕರು ಪಾತ್ರವನ್ನು ಎಲ್ಲಿ ನಿಲ್ಲಿಸಿದ್ದರೆಂಬುದು ಅಂಥ ಪ್ರತಿಯಲ್ಲಿ ತಿಳಿಯುವುದಿಲ್ಲ. ಹಾಡು ಕತ್ತರಿಸಿದ ‘ಶರಪಂಜರ’ ನೋಡಿ ಪುಟ್ಟಣ್ಣನವರ ಶೈಲಿ ಹಿಡಿಯಲು ಹೋದರೆ ಕೈಗೆ ಸಿಗುವುದು ಬರೀ ಕಥೆ. ಹಾಗಾಗಿ ಮೊದಲ ಚಿತ್ರವನ್ನಾದರೂ ಪೂರ್ತಿ ಇರುವ, ನಾಲ್ಕು ಅಂಚೂ ಸರಿಯಿರುವ ಪ್ರತಿಯಲ್ಲೇ ನೋಡಿ.