ಬಿಳ್ಯಾನ ಮೆಲುಕಿನ ಲೆಕ್ಕ

ಸಂಜೆ ಐದೂವರೆಗೆ ಶಾಲೆಯ ಚೀಲ ಕಟ್ಟೆಯ ಮೇಲೆ ಒಗೆದು ನಮ್ಮಣ್ಣನ ಮಗಳು ನೇರ ಹಿತ್ತಲಿಗೆ ಹೋಗುತ್ತಾಳೆ. ಅಲ್ಲಿ ಬೇವಿನ ಗಿಡದ ಕೆಳಗೆ ಬಿಳ್ಯಾ ಮಲಗಿರುತ್ತದೆ. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅದರ ಗಂಟಲನ್ನೇ ನೋಡುತ್ತಾಳೆ. ಕುತ್ತಿಗೆಯ ಬುಡದಿಂದ ಲಿಂಬೆಹಣ್ಣಿನಷ್ಟು ಗಂಟೊಂದು ಸರ್ರನೆ ಮೇಲೇರಿ ಬಾಯಿಗೆ ಬಂದ ಕೂಡಲೇ ಎಣಿಕೆ ಶುರು. ಒಂದು, ಎರಡು, ಮೂರು. ದವಡೆ ಎಡದಿಂದ ಬಲಕ್ಕೆ ಬೀಸುಕಲ್ಲಿನಂತೆ ತಿರುಗುತ್ತದೆ. ಐವತ್ತರ ಮೇಲೊಂದಿಷ್ಟಾದಾಗ ನುಂಗಿ, ಎರಡು ಗಳಿಗೆ ಸುಮ್ಮನಿದ್ದು, ಮತ್ತೊಂದು ಗಂಟು ಮೇಲೆ ತರುತ್ತದೆ. ಐದನೇ ತರಗತಿಯ ಹುಡುಗಿಗೆ ಇದು ಆಟ. ಗಣಿತದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಡುತ್ತಾಳೆ.

ಬಿಳ್ಯಾ ಖಿಲಾರಿ ಎತ್ತು. ವಯಸ್ಸು ಹದಿನೇಳು. ಧಾರವಾಡ ಜಿಲ್ಲೆಯ ನಮ್ಮ ಎರೆಹೊಲದಲ್ಲಿ ರೆಂಟೆ, ಕುಂಟೆ, ಕೂರಿಗೆ, ಎಡೆ ಅಂತ ಹತ್ತು ವರ್ಷ ದುಡಿದಿದೆ. ನೊಗದ ಎಡಗಡೆ ಇದರ ಜಾಗ. ಬಲಗಡೆಯ ಜೋಡಿ ಸತ್ತು ಮೂರು ವರ್ಷವಾಯಿತು. ಬಿಳ್ಯಾ ಇಂದಿಗೂ ದಾರಿಯ ಎಡಕ್ಕೇ ನಡೆಯುತ್ತದೆ, ಬಲಕ್ಕೆ ಇನ್ನೊಂದು ಎತ್ತಿನಷ್ಟು ಜಾಗ ಬಿಟ್ಟು. ಕೆರೆಗೆ ನೀರು ಕುಡಿಸಲು ಹೊಡೆದುಕೊಂಡು ಹೋಗುವಾಗ ಹುಡುಗಿ ಆ ಜಾಗದಲ್ಲಿ ನಡೆಯುತ್ತಾಳೆ.

ಜೋಡಿ ಹೋದ ಮೇಲೆ ಅಣ್ಣ ಹೊಸ ಎತ್ತು ತರಲಿಲ್ಲ, ಬಾಡಿಗೆ ಟ್ರ್ಯಾಕ್ಟರ್ ಹಿಡಿದ. ಬಿಳ್ಯಾನನ್ನು ಉಳಿಸಿಕೊಂಡದ್ದು ಬರೀ ಪ್ರೀತಿಗೆ ಅಂದರೆ ಸುಳ್ಳಾದೀತು. 1964ರ ಕಾಯ್ದೆಯಲ್ಲಿ ಹನ್ನೆರಡು ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕೊಡಲು ಅವಕಾಶವಿತ್ತು, 2020ರ ಕಾಯ್ದೆ ಅದನ್ನು ಮುಚ್ಚಿತು. ಈಗ ಮುದಿ ಎತ್ತನ್ನು ಸಂತೆಗೆ ಹೊಡೆದರೆ ಬೆಲೆ ಕೇಳುವವರೂ ಸಿಗುವುದಿಲ್ಲ. "ಇರ್ಲಿ ಬಿಡು, ಮನಿ ಮುಂದ ಎತ್ತು ಇರ್ಬೇಕು" ಅಂದಳು ನಮ್ಮವ್ವ. ಅಲ್ಲಿಗೆ ಮಾತು ಮುಗಿಯಿತು.

ಹೋದ ಚಳಿಗಾಲ ಕಳೆದು ಜೋಳದ ಸುಗ್ಗಿ ಮುಗಿದಾಗ ಹೊಸ ಕಣಕಿಯ ಬಣವಿ ಎದ್ದಿತ್ತು. ಬಿಳ್ಯಾನ ಗ್ವಾದಲಿಯ ತುಂಬ ಕಣಕಿ. ಆದರೂ ಎತ್ತು ಸೊರಗತೊಡಗಿತು. ಪಕ್ಕೆಲುಬು ಕಂಡವು, ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿತು. ಅಣ್ಣ ಜಂತು ಅಂದುಕೊಂಡು ಗುಳಿಗೆ ಹಾಕಿದ. ಹದಿನೈದು ದಿನವಾದರೂ ಗುಣ ಕಾಣಲಿಲ್ಲ. "ವಯಸ್ಸಾತಲ್ಲ" ಅಂದರು ಓಣಿಯವರು. ದನದ ವಿಷಯದಲ್ಲಿ ಈ ಮಾತಿನಷ್ಟು ಅಪಾಯದ್ದು ಬೇರೊಂದಿಲ್ಲ, ಯಾಕೆಂದರೆ ಅದನ್ನು ಆಡಿದ ಮೇಲೆ ಯಾರೂ ಬಾಯಿ ತೆರೆದು ನೋಡುವುದಿಲ್ಲ.

ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ಹುಡುಗಿ ನೋಟುಬುಕ್ಕು ತಂದು ಹಿಡಿದಳು. "ಕಾಕಾ, ಮೊದಲ ಐವತ್ತೈದು, ಐವತ್ತೆಂಟು ಬರ್ತಿತ್ತು. ಈಗ ಮೂವತ್ತಕ್ಕ ನಿಂತಬಿಡತೈತಿ. ಇಪ್ಪತ್ತೇಳೂ ಆಗೇತಿ. ನಡುವ ಉಗುಳತೈತಿ." ಉಗುಳುವುದೆಂದರೆ ಏನೆಂದು ನೋಡಲು ಅವಳ ಹಿಂದೆ ಹೋದೆ. ಬೇವಿನ ಬುಡದಲ್ಲಿ ಅರ್ಧಂಬರ್ಧ ಅಗಿದ ಹಸಿರು ಉಂಡೆಗಳು ಬಿದ್ದಿದ್ದವು. ಗ್ವಾದಲಿಯಲ್ಲಿ ಎಲೆಯಷ್ಟನ್ನೇ ತಿಂದು ದಂಟನ್ನು ಹಾಗೇ ಬಿಟ್ಟಿತ್ತು. ಸಗಣಿ ಕಾಲಲ್ಲಿ ಒತ್ತಿದರೆ ಬೆರಳುದ್ದದ ನಾರು. ಇದೆಲ್ಲ ದಿನಾ ಕಣ್ಣೆದುರೇ ಇತ್ತು, ಕಸ ಗುಡಿಸುವಾಗ ಅದೂ ಕಸದೊಂದಿಗೇ ಹೋಗುತ್ತಿತ್ತು.

ಅಣ್ಣನಿಗೆ ಹೆದರಿಕೆ ಹತ್ತಿದ್ದು ಬೇರೆಯದಕ್ಕೆ. ಬಿಳ್ಯಾ ಅಗಿಯುವಾಗ ತಲೆಯನ್ನು ಒಂದು ಕಡೆ ವಾಲಿಸುತ್ತಿತ್ತು. ಉದ್ದ ಕೋಡಿನ ಎತ್ತು ಹೀಗೆ ಮಾಡಿದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೋಡಿನ ಕ್ಯಾನ್ಸರ್. ಅದು ಬಂದ ಎತ್ತು ತಲೆ ಕೊಡವುತ್ತದೆ, ಕೋಡನ್ನು ಗೂಟಕ್ಕೆ ತಿಕ್ಕುತ್ತದೆ, ಆ ಕಡೆಯ ಮೂಗಿನಲ್ಲಿ ರಕ್ತ ಸುರಿಸುತ್ತದೆ. ಕಡೆಕಡೆಗೆ ಕೋಡೇ ಬುಡ ಸಡಿಲಾಗಿ ಜೋಲುತ್ತದೆ.

ಪಶುವೈದ್ಯರು ಬಂದವರು ಮೊದಲು ಕೋಡಿನ ಬುಡವನ್ನೇ ಒತ್ತಿ, ಬೆರಳಿನಿಂದ ತಟ್ಟಿ ನೋಡಿದರು. ಗಟ್ಟಿಯಾಗಿತ್ತು. ಎರಡೂ ಮೂಗು ಒಣಗಿ ಸ್ವಚ್ಛವಿದ್ದವು. ಆಮೇಲೆ ನಾಲಿಗೆಯನ್ನು ಪಕ್ಕಕ್ಕೆ ಹಿಡಿದೆಳೆದು ಬಾಯೊಳಗೆ ಬ್ಯಾಟರಿ ಬಿಟ್ಟರು. ಕೆಟ್ಟ ವಾಸನೆ ಗಪ್ಪನೆ ಬಂತು. "ಹೊಟ್ಟಿದಲ್ಲರಿ ಇದು, ಬಾಯಿದು" ಅಂದರು.

ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಗಟ್ಟಿ ವಸಡು ಅಷ್ಟೆ. ಕೆಳಗೆ ಎಂಟು. ಸಂತೆಯಲ್ಲಿ ಎರಡಹಲ್ಲು, ನಾಲ್ಕಹಲ್ಲು ಅಂತ ವಯಸ್ಸು ಹೇಳುವುದು ಇವುಗಳಿಂದಲೇ. ಸುಮಾರು ಐದು ವರ್ಷಕ್ಕೆ ಎಂಟೂ ಬಂದು ಬಾಯಿ ಕೂಡುತ್ತದೆ. ಆಮೇಲೆ ಹಲ್ಲಿನದು ಬರೀ ಸವೆತ. ಬಿಳ್ಯಾನ ಮುಂದಿನ ಹಲ್ಲುಗಳು ಗೂಟದಂತೆ ಮೋಟಾಗಿ ಒಂದಕ್ಕೊಂದು ದೂರ ನಿಂತಿದ್ದವು. ಅದು ತಡೆದುಕೊಳ್ಳುವ ಮಾತು, ಮೇವು ಬಾಯಿಗೆ ಸಿಕ್ಕರೆ ಸಾಕು. ಕೆಲಸ ಕೆಟ್ಟದ್ದು ಒಳಗಿನ ದವಡೆಹಲ್ಲಿನಲ್ಲಿ. ಅವು ಇಪ್ಪತ್ನಾಲ್ಕು, ಮೆಲುಕು ಅರೆಯುವುದು ಅವೇ. ಎಡಗಡೆ ಮೇಲಿನದೊಂದು ಅಲ್ಲಾಡುತ್ತಿತ್ತು, ಅದರ ಸಂದಿಯಲ್ಲಿ ಕಣಕಿಯ ಸಿಬಿರು ಸೇರಿ ಕೊಳೆತಿತ್ತು. ಪಕ್ಕದ ಹಲ್ಲು ಓರೆಯಾಗಿ ಸವೆದು, ಅದರ ಚೂಪು ತುದಿ ಪ್ರತಿ ಅಗಿತಕ್ಕೂ ಕೆನ್ನೆಯನ್ನು ಒಳಗಿನಿಂದ ಗೀರುತ್ತಿತ್ತು. ನೋವಿಗೆ ಬಿಳ್ಯಾ ಅರ್ಧಕ್ಕೇ ನಿಲ್ಲಿಸುತ್ತಿತ್ತು. ಅರೆಯದ ನಾರು ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ಅದು ಕರಗಿ ಮುಂದೆ ಸರಿಯುವತನಕ ಹೊಸ ಮೇವಿಗೆ ಜಾಗವಿರುವುದಿಲ್ಲ. ಹೀಗೆ ಗ್ವಾದಲಿ ತುಂಬಿದ್ದೂ ಎತ್ತು ಉಪವಾಸ ಬಿದ್ದಿತ್ತು.

ಮತ್ತಿನ ಮದ್ದು ಕೊಟ್ಟು ಸಡಿಲ ಹಲ್ಲು ಕಿತ್ತರು, ಚೂಪನ್ನು ಅರದಿಂದ ಉಜ್ಜಿ ಮೊಂಡು ಮಾಡಿದರು. ಹೆಚ್ಚಿನ ಕೆಲಸ ಇದ್ದದ್ದು ಆಮೇಲೆ. ಕಣಕಿಯನ್ನು ಯಂತ್ರಕ್ಕೆ ಕೊಟ್ಟು ಒಂದು ಅಂಗುಲದ ತುಂಡು ಮಾಡಿ, ತಾಸೊಂದು ನೆನೆಸಿ, ಅದಕ್ಕೆ ಬೂಸಾ ಮತ್ತು ಚಿಟಿಕೆ ಉಪ್ಪು ಕಲಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಹಾಕಬೇಕು. ಜೊತೆಗೆ ಕಡಲೆ ಹೊಟ್ಟು. ಅಣ್ಣ ಹುರುಪಿನಲ್ಲಿ "ಹಿಟ್ಟಿನಂಗ ಸಣ್ಣ ಮಾಡ್ತೀನಿ" ಅಂದಾಗ ವೈದ್ಯರು ತಡೆದರು. ತೀರಾ ಸಣ್ಣದಾದರೆ ಮೆಲುಕೇ ಬರುವುದಿಲ್ಲ. ಮೆಲುಕಿಲ್ಲದಿದ್ದರೆ ಜೊಲ್ಲು ಕಡಿಮೆ, ಜೊಲ್ಲು ಕಡಿಮೆಯಾದರೆ ಹೊಟ್ಟೆ ಹುಳಿಯುತ್ತದೆ. ನಮ್ಮವ್ವನಿಗೂ ಒಂದು ತಾಕೀತು ಬಿತ್ತು: ಸೊರಗಿದೆಯೆಂದು ಮದುವೆ ಮನೆಯ ಅನ್ನ, ಜೋಳದ ನುಚ್ಚು ಬುಟ್ಟಿಗಟ್ಟಲೆ ಸುರಿಯಬಾರದು. ಅದಕ್ಕೆ ಅಭ್ಯಾಸವಿಲ್ಲದ ಹೊಟ್ಟೆ ಹುಳಿತು, ಒಂದೆರಡು ದಿನದಲ್ಲೇ ಎತ್ತು ಮಲಗಿದಲ್ಲಿಂದ ಏಳದೆ ಹೋಗಬಹುದು. ಅವ್ವ ತಲೆಯಾಡಿಸಿದಳು, ಆದರೂ ಅರ್ಧ ರೊಟ್ಟಿ ಕದ್ದು ಕೊಡುವುದು ನಿಂತಿಲ್ಲ.

ಮುಂದಿನ ಸಲ ವೈದ್ಯರು ಬಂದಾಗ ಅಣ್ಣನನ್ನು ಏನೂ ಕೇಳಲಿಲ್ಲ. "ಎಲ್ಲಿ, ಬುಕ್ಕು ತಗೊಂಡ ಬಾರವ್ವ" ಅಂದರು. ಮೂವತ್ತೆಂಟು, ನಲವತ್ತೊಂದು, ನಲವತ್ತು, ನಲವತ್ತಾರು. ಕಿತ್ತ ಹಲ್ಲಿನ ಎದುರಿನದು ಇನ್ನು ಸವೆಯದೆ ಉದ್ದವಾಗುತ್ತ ಹೋಗುತ್ತದಂತೆ, ಆಗಾಗ ಅರ ಹಾಕಬೇಕು. ಇಂಥ ದುರಸ್ತಿ ಎಷ್ಟು ವರ್ಷ ನಡೆದೀತೆಂದು ಅಣ್ಣ ಕೇಳಿದ್ದಕ್ಕೆ ಅವರು ಬಾಯಿ ಬಿಡಲಿಲ್ಲ, ಅಂಕಿಯ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದು ಬುಕ್ಕು ಹಿಂದಿರುಗಿಸಿದರು.

ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಮತ್ತೆ ಹೋದಾಗ ಹುಡುಗಿ ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ ಕಟ್ಟೆಯ ಮೇಲೆ ಒಣಗಲಿಟ್ಟಿದ್ದಳು. ಎಡಗಡೆಯದರ ಬಾಯಿ ಸ್ವಲ್ಪ ತೆರೆದಿತ್ತು. ಯಾಕೆಂದು ಕೇಳುವಷ್ಟರಲ್ಲಿ ಅವಳು ಹಿತ್ತಲಲ್ಲಿದ್ದಳು. ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತೆ. ಬಿಳ್ಯಾನ ಕುತ್ತಿಗೆಯಲ್ಲಿ ಗಂಟು ಮೇಲೇರಿತು. ಈ ವರ್ಷ ಮಳೆ ಹೆಂಗೈತಿ ಅಂತ ಏನೋ ಕೇಳಲು ಬಾಯಿ ತೆರೆದೆ.

"ಸುಮ್ಮಕಿರು ಕಾಕಾ," ಅಂದಳು ಕಣ್ಣು ಕೀಳದೆ, "ಲೆಕ್ಕ ತಪ್ಪತೈತಿ."